ಒಡೆದ ಟೆಂಪರ್ಡ್ ಗ್ಲಾಸ್: ಗೀರು ಬೀಳದಂತೆ ಬಿಡಿಸುವ ಬಗೆ

ಒಡೆದ ಟೆಂಪರ್ಡ್ ಗ್ಲಾಸ್ ಗಾರ್ಡ್ ಬಿಡಿಸಿಕೊಂಡ ಫೋನುಗಳ ಮೇಲೆ ಕಾಣುವ ಗೀರುಗಳಲ್ಲಿ ಬಹುಪಾಲು ಬಿದ್ದಿರುವುದು ಗಾರ್ಡ್ ಎತ್ತುವಾಗ ಅಲ್ಲ, ಎತ್ತಿದ ಮೇಲೆ ಒರೆಸುವಾಗ. ಗಾಜು ಹೊರಗೆ ಬಂತು ಎಂಬ ಸಮಾಧಾನದಲ್ಲಿ ಅಂಗಿಯ ಅಂಚಿನಿಂದಲೋ ಕರ್ಚೀಫಿನಿಂದಲೋ ಒಂದು ಸಲ ಜೋರಾಗಿ ಉಜ್ಜಿಬಿಡುತ್ತಾರೆ. ಡಿಸ್‌ಪ್ಲೇ ಮೇಲೆ ಉಳಿದಿದ್ದ ಗಾಜಿನ ಪುಡಿ ಬಟ್ಟೆಗೂ ಡಿಸ್‌ಪ್ಲೇಗೂ ನಡುವೆ ಸಿಕ್ಕಿ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗುತ್ತದೆ. ಇನ್ನು ಕೆಲವು ಗೀರುಗಳು ಅಂಚಿನಲ್ಲಿರುತ್ತವೆ. ಅವು ಬ್ಲೇಡು, ಸೇಫ್ಟಿಪಿನ್ನು, ಸಿಮ್ ಪಿನ್ನುಗಳಿಂದ ಆದವು. ಹಾಗಾಗಿ ಈ ಕೆಲಸದಲ್ಲಿ ನೋಡಿಕೊಳ್ಳಬೇಕಾದ್ದು ಎರಡೇ: ಗಾರ್ಡ್ ಚೂರುಚೂರಾಗದೆ ಒಂದೇ ಹಾಳೆಯಾಗಿ ಏಳಬೇಕು, ಎದ್ದ ಮೇಲೆ ಪುಡಿಯನ್ನು ಉಜ್ಜದೆ ತೆಗೆಯಬೇಕು.

ಇಲ್ಲಿ ಹೇಳುವುದೆಲ್ಲ ಕೌಂಟರಿನ ಮೇಲೆ ದಿನವೂ ಬರುವಂಥ ಒಂದು ಫೋನನ್ನು ಎದುರಿಗಿಟ್ಟುಕೊಂಡು. ಆರೂವರೆ ಇಂಚಿನ ಚಪ್ಪಟೆ ಡಿಸ್‌ಪ್ಲೇ, ಮೇಲೆ ನಡುವೆ ಕ್ಯಾಮೆರಾ ತೂತು, ಪೂರ್ತಿ ಅಂಟಿರುವ, ಅಂದರೆ ಫುಲ್ ಗ್ಲೂ ಗಾರ್ಡ್. ಕೆಳಗಿನ ಬಲಮೂಲೆ ನೆಲಕ್ಕೆ ಬಡಿದು ಒಂದು ರೂಪಾಯಿ ನಾಣ್ಯದಷ್ಟು ಜಾಗ ಪುಡಿಯಾಗಿದೆ. ಅಲ್ಲಿಂದ ಎರಡು ಬಿರುಕು ಹೊರಟಿವೆ. ಒಂದು ಅರ್ಧಕ್ಕೆ ನಿಂತಿದೆ, ಇನ್ನೊಂದು ಓರೆಯಾಗಿ ಮೇಲಿನ ಇಯರ್‌ಪೀಸ್ ತನಕ ಹೋಗಿದೆ. ಮೇಲಿನ ಎಡಮೂಲೆ ಮಾತ್ರ ಸರಿಯಾಗಿದೆ.

"ಅಣ್ಣಾ, ಡಿಸ್‌ಪ್ಲೇನೇ ಹೋಯ್ತಾ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಮುಟ್ಟುವ ಮೊದಲು ಅದನ್ನೇ ತಿಳಿದುಕೊಳ್ಳಬೇಕು, ಏಕೆಂದರೆ ಕೆಳಗಿನ ಗಾಜೂ ಒಡೆದಿದ್ದರೆ ಗಾರ್ಡ್ ಎತ್ತುವಾಗ ಅದರ ಚಕ್ಕೆಗಳೂ ಎದ್ದು ಬರಬಹುದು. ಮೊದಲು ಬಿರುಕು ಎಲ್ಲಿ ಮುಗಿಯುತ್ತದೆ ನೋಡಿ. ಗಾರ್ಡ್ ಸಾಮಾನ್ಯವಾಗಿ ಡಿಸ್‌ಪ್ಲೇಗಿಂತ ಸ್ವಲ್ಪ ಚಿಕ್ಕದಿರುತ್ತದೆ. ಬಿರುಕು ಗಾರ್ಡಿನ ಅಂಚಿನಲ್ಲೇ ನಿಂತು, ಅದರಾಚೆಗಿನ ಸಣ್ಣ ಗಾಜಿನ ಪಟ್ಟಿ ನುಣ್ಣಗಿದ್ದರೆ ಒಡೆದಿರುವುದು ಗಾರ್ಡ್. ಆ ಪಟ್ಟಿಯನ್ನೂ ದಾಟಿ ಫ್ರೇಮಿನವರೆಗೆ ಹೋಗಿದ್ದರೆ ಡಿಸ್‌ಪ್ಲೇಗೂ ಏಟು ಬಿದ್ದಿದೆ. ಎರಡನೆಯದು, ಸ್ಕ್ರೀನ್ ಆನ್ ಮಾಡಿ ಪೂರ್ತಿ ಬಿಳಿಯ ಚಿತ್ರವೊಂದನ್ನು ತೆರೆಯಿರಿ. ಕಪ್ಪು ಮಸಿ ಚೆಲ್ಲಿದಂಥ ಕಲೆ, ಬಣ್ಣದ ಗೆರೆ ಇದ್ದರೆ ಒಳಗಿನ ಪ್ಯಾನೆಲ್ ಹೋಗಿದೆ. ಯಾವುದಾದರೂ ಐಕಾನ್ ಮೇಲೆ ಬೆರಳಿಟ್ಟು ಸ್ಕ್ರೀನ್ ತುಂಬ ಎಳೆದಾಡಿಸಿ ಟಚ್ ಎಲ್ಲ ಕಡೆ ಕೆಲಸ ಮಾಡುತ್ತದೆಯೇ ಎಂದೂ ನೋಡಿಕೊಳ್ಳಿ. ಒಡೆದ ಗಾಜನ್ನು ಬರಿ ಬೆರಳಲ್ಲಿ ಮುಟ್ಟುವುದು ಬೇಡ, ಅದರ ಮೇಲೆ ಒಂದು ಪದರ ಟೇಪು ಅಂಟಿಸಿ ನೋಡಿದರೂ ಟಚ್ ಗೊತ್ತಾಗುತ್ತದೆ. ಕೆಳಗಿನ ಗಾಜು ಒಡೆದಿರುವ ಅನುಮಾನ ಬಂದರೆ ಮನೆಯಲ್ಲಿ ಕೀಳುವ ಯೋಚನೆ ಬಿಟ್ಟು, ಮೇಲೆ ಟೇಪು ಹಾಕಿಕೊಂಡು ಅಂಗಡಿಗೆ ಹೋಗುವುದೇ ಸರಿ.

ಇನ್ನು ಗಾರ್ಡಿನ ಒಳಗಿನ ವಿಷಯ. ಹೊರಗಿನಿಂದ ಒಂದೇ ಗಾಜಿನಂತೆ ಕಾಣುತ್ತದೆ, ಆದರೆ ಹೆಚ್ಚಿನ ಫುಲ್ ಗ್ಲೂ ಗಾರ್ಡುಗಳಲ್ಲಿ ಪದರಗಳಿರುತ್ತವೆ. ಮೇಲೆ ಸುಮಾರು 0.3 ಮಿಲಿಮೀಟರ್ ದಪ್ಪದ ಗಾಜು. ಅದರ ಬೆನ್ನಿಗೆ ಬಲವಾದ ಅಂಟಿನಿಂದ ಹಿಡಿದುಕೊಂಡಿರುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಆ ಹಾಳೆಯ ಕೆಳಮುಖದಲ್ಲಿ ಸಿಲಿಕೋನ್ ಪದರ. ಡಿಸ್‌ಪ್ಲೇಗೆ ಕೂತಿರುವುದು ಇದು. ಗಾಜನ್ನು ಹಿಡಿದಿರುವ ಅಂಟು ಗಟ್ಟಿ, ಡಿಸ್‌ಪ್ಲೇಯನ್ನು ಹಿಡಿದಿರುವ ಸಿಲಿಕೋನ್ ಮೆದು. ಗಾರ್ಡ್ ಒಡೆದರೂ ಚೂರುಗಳು ಉದುರದೆ ತಿಂಗಳುಗಟ್ಟಲೆ ನಿಲ್ಲುವುದು ಈ ಹಾಳೆಯ ಬಲದಿಂದ. ನಾವು ಹೋಗಬೇಕಾದ್ದೂ ಈ ಹಾಳೆಯ ಕೆಳಗೆ. ಉಗುರು ಗಾಜಿಗೂ ಹಾಳೆಗೂ ನಡುವೆ ತೂರಿದರೆ ಗಾಜು ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಹಾಳೆ ಮತ್ತು ಡಿಸ್‌ಪ್ಲೇ ನಡುವೆ ತೂರಿದರೆ ಗಾಜು, ಹಾಳೆ, ಚೂರು ಎಲ್ಲ ಸೇರಿ ಒಟ್ಟಿಗೆ ಮೇಲೇಳುತ್ತವೆ. ಇಡೀ ಕೆಲಸದ ಸುಲಭ, ಕಷ್ಟ ಎರಡೂ ಆ ಮೊದಲ ಎರಡು ಮಿಲಿಮೀಟರಿನಲ್ಲಿ ತೀರ್ಮಾನವಾಗುತ್ತವೆ.

ಚೂರುಗಳ ಬಗ್ಗೆಯೂ ಒಂದು ಮಾತು. ಟೆಂಪರ್ಡ್ ಗ್ಲಾಸ್ ಎಂದ ಕೂಡಲೇ ಕಾರಿನ ಪಕ್ಕದ ಕಿಟಕಿಯಂತೆ ಮೊಂಡು ಕಾಳುಗಳಾಗಿ ಒಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ಕಾರಿನ ಗಾಜನ್ನು ಕಾಯಿಸಿ ತಟ್ಟನೆ ತಂಪು ಮಾಡಿ ಗಟ್ಟಿ ಮಾಡುತ್ತಾರೆ. ಇಷ್ಟು ತೆಳುವಾದ ಗಾಜಿಗೆ ಅದು ಆಗದು. ಇದನ್ನು ಕಾಯಿಸಿ ಕರಗಿಸಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಮುಳುಗಿಸಿ, ಮೇಲ್ಮೈಯ ಸೋಡಿಯಂ ಜಾಗಕ್ಕೆ ದೊಡ್ಡ ಗಾತ್ರದ ಪೊಟ್ಯಾಸಿಯಂ ತುಂಬಿಸಿ ಬಿಗಿ ಮಾಡುತ್ತಾರೆ. ಇಂಥ ಗಾಜು ಒಡೆದಾಗ ಉದ್ದುದ್ದ, ಸೂಜಿಮೊನೆಯ ಸೀಳುಗಳು ಬರುತ್ತವೆ. ಬೆರಳಿಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಒತ್ತಿದಾಗಲೆಲ್ಲ ಚುಚ್ಚುತ್ತಿರುತ್ತದೆ. ಅದಕ್ಕೇ ಹಾಸಿಗೆ, ಸೋಫಾ, ಊಟದ ಟೇಬಲ್ ಮೇಲೆ ಈ ಕೆಲಸ ಬೇಡ. ಗಟ್ಟಿ ಮೇಜಿನ ಮೇಲೆ ಎರಡು ಪದರ ದಿನಪತ್ರಿಕೆ ಹಾಸಿ, ಮಕ್ಕಳನ್ನು ಆಚೆ ಕಳಿಸಿ, ಫ್ಯಾನ್ ಆರಿಸಿ ಕೂತುಕೊಳ್ಳಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಮೂಲೆ ಎತ್ತುವಾಗ ಮುಖ ತೀರ ಹತ್ತಿರ ಬಗ್ಗಿರುತ್ತದೆ.

ಸಾಮಾನು ದೊಡ್ಡದೇನಲ್ಲ. ಪಾರ್ಸೆಲ್ಲಿಗೆ ಸುತ್ತುವ ಎರಡಿಂಚಿನ ಅಗಲದ ಪಾರದರ್ಶಕ ಟೇಪು, ಮೆದುವಾದ ಒಣ ಟೂತ್‌ಬ್ರಷ್, ಹಳೆಯ ಎಕ್ಸ್‌ರೇ ಫಿಲ್ಮಿನ ಒಂದು ತುಂಡು, ಒಂದು ಹಳೆಯ ಎಟಿಎಂ ಕಾರ್ಡ್, ಹೊಸ ಮೈಕ್ರೋಫೈಬರ್ ಬಟ್ಟೆ ಎರಡು, ಟಾರ್ಚ್. ಎಕ್ಸ್‌ರೇ ಫಿಲ್ಮ್ ಯಾಕೆಂದರೆ, ಎಟಿಎಂ ಕಾರ್ಡ್ 0.76 ಮಿಲಿಮೀಟರ್ ದಪ್ಪ, ಗಾರ್ಡಿನ ಇಡೀ ದಪ್ಪಕ್ಕಿಂತ ಹೆಚ್ಚು. ಮೊದಲು ತೂರಿಸಲು ಅದು ಬಾರದು, ಒತ್ತಾಯಿಸಿದರೆ ಮೂಲೆಯನ್ನು ಮುರಿಯುತ್ತದೆ. ಎಕ್ಸ್‌ರೇ ಫಿಲ್ಮ್ ಅದರ ಮೂರನೇ ಒಂದಂಶಕ್ಕಿಂತಲೂ ತೆಳು, ಆದರೂ ಬಾಗದೆ ನಿಲ್ಲುವಷ್ಟು ಬಿರುಸು, ಮೇಲಾಗಿ ಪ್ಲಾಸ್ಟಿಕ್ ಆದ್ದರಿಂದ ಡಿಸ್‌ಪ್ಲೇ ಗಾಜಿಗೆ ಏನೂ ಮಾಡದು. ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ತುದಿಯನ್ನು ಓರೆಯಾಗಿ ಕತ್ತರಿಸಿಕೊಂಡರೆ ಸಾಕು.

ಲೋಹದ ಸಾಮಾನು ಯಾವುದೂ ಬೇಡ ಎಂದು ನಾನು ಹಟ ಹಿಡಿಯುತ್ತೇನೆ. ಕೈ ಪಳಗಿದವರು ಬ್ಲೇಡನ್ನು ಚಪ್ಪಟೆಯಾಗಿ ಹಿಡಿದು ಎತ್ತುವುದು ಉಂಟು. ಆದರೆ ಬ್ಲೇಡ್ ಮಾಡುವ ಹಾನಿ ನಟ್ಟನಡುವೆ ಆಗುವುದಲ್ಲ, ಅಂಚಿನಲ್ಲಿ ಆಗುವುದು. ಡಿಸ್‌ಪ್ಲೇ ಗಾಜು ಅತ್ಯಂತ ಬಲಹೀನ ಇರುವುದು ಅದರ ಅಂಚಿನಲ್ಲಿ. ಅಲ್ಲಿ ಬ್ಲೇಡಿನ ಮೂಲೆ ತಾಗಿ ಒಂದು ಸಣ್ಣ ಚಕ್ಕೆ ಹಾರಿದರೆ, ಮುಂದೆ ಯಾವತ್ತೋ ಫೋನ್ ಸ್ವಲ್ಪ ಬಾಗಿದಾಗ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಇನ್ನೊಂದು ಅಪಾಯವೆಂದರೆ, ಬ್ಲೇಡ್ ಗಾರ್ಡಿನ ಕೆಳಗೆ ಹೋಗುವ ಬದಲು ಡಿಸ್‌ಪ್ಲೇಗೂ ಫ್ರೇಮಿಗೂ ನಡುವಿನ ಸಂದಿಗೆ ಇಳಿಯುತ್ತದೆ. ಅಲ್ಲಿ ಮೀಟಿದರೆ ಮೇಲೇಳುವುದು ಗಾರ್ಡಲ್ಲ, ಡಿಸ್‌ಪ್ಲೇ. ಗಾರ್ಡ್ ಬೆಲೆ ನೂರಿನ್ನೂರು ರೂಪಾಯಿ, ಡಿಸ್‌ಪ್ಲೇ, ಟಚ್ ಎರಡೂ ಸೇರಿದ ಕಾಂಬೋ ಬೆಲೆ ಸಾವಿರಗಳಲ್ಲಿ.

ಈಗ ಕೆಲಸಕ್ಕೆ ಇಳಿಯೋಣ. ಫೋನ್ ಸ್ವಿಚ್ ಆಫ್ ಮಾಡಿ, ಪೌಚ್ ತೆಗೆಯಿರಿ. ಆಫ್ ಮಾಡುವುದರಿಂದ ಇನ್ನೊಂದು ಅನುಕೂಲ ಇದೆ: ಕಪ್ಪು ಡಿಸ್‌ಪ್ಲೇ ಮೇಲೆ ಗಾರ್ಡ್ ಎಲ್ಲಿಯವರೆಗೆ ಬಿಟ್ಟಿದೆ, ಎಲ್ಲಿ ಇನ್ನೂ ಅಂಟಿದೆ ಎಂಬ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಪೌಚ್ ತೆಗೆದ ಮೇಲೆ ಗಾರ್ಡಿನ ಸುತ್ತ ಒಂದು ಕೊಳೆಯ ಗೆರೆ ಕೂತಿರುವುದು ಕಾಣುತ್ತದೆ. ಅದು ಬರಿಯ ಕೊಳೆಯಲ್ಲ, ಅದರಲ್ಲಿ ರಸ್ತೆಯ ಮರಳಿನ ಸಣ್ಣ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಮರಳಿನ ಸ್ಫಟಿಕ 7ರಲ್ಲಿದೆ. ಫೋನಿನ ಗಾಜು ಸುಮಾರು 6ರ ಹತ್ತಿರವೇ ಗೀರು ತಿನ್ನಲು ಶುರು ಮಾಡುತ್ತದೆ. ಗಾರ್ಡಿನ ಚೂರಿಗಿಂತ ಈ ಮರಳೇ ಹೆಚ್ಚು ಕೆಡುಕು. ಗಾರ್ಡಿನ ಪ್ಯಾಕೆಟ್ ಮೇಲೆ ಬರೆದಿರುವ 9H ಈ ಅಳತೆಯದಲ್ಲ, ಅದು ಪೆನ್ಸಿಲಿನಿಂದ ಗೀಚಿ ನೋಡುವ ಬೇರೆ ಪರೀಕ್ಷೆ. ಅದನ್ನು ನಂಬಿ ಗಾಜಿಗೆ ಏನೂ ಆಗದೆಂದು ಧೈರ್ಯ ಮಾಡಬೇಡಿ. ಟೂತ್‌ಬ್ರಷ್ಷಿನಿಂದ ಅಂಚಿನ ಉದ್ದಕ್ಕೂ, ಒಳಗಿನಿಂದ ಹೊರಕ್ಕೆ, ಒತ್ತದೆ ಗುಡಿಸಿ. ಫೋನನ್ನು ಓರೆಯಾಗಿ ಹಿಡಿದು ಗುಡಿಸಿದರೆ ಕೊಳೆ ಪತ್ರಿಕೆಯ ಮೇಲೆ ಬೀಳುತ್ತದೆ.

ನಂತರ ಇಯರ್‌ಪೀಸ್ ಜಾಲರಿಯ ಮೇಲೆ ಒಂದು ಸಣ್ಣ ಪಟ್ಟಿ ಟೇಪು ಹಾಕಿ. ನಮ್ಮ ಫೋನಿನಲ್ಲಿ ಬಿರುಕು ಅಲ್ಲಿಗೇ ಬಂದು ಮುಟ್ಟಿದೆ. ಅಲ್ಲಿಂದ ಸಿಡಿದ ಪುಡಿ ಜಾಲರಿಯೊಳಗೆ ಬಿದ್ದರೆ ತೆಗೆಯುವುದು ಬಹಳ ಕಷ್ಟ, ಕರೆಯ ಧ್ವನಿಯೂ ಕುಗ್ಗುತ್ತದೆ. ಗಾರ್ಡ್ ಆ ಜಾಗವನ್ನು ಪೂರ್ತಿ ಮುಚ್ಚಿದ್ದರೆ ಈ ಪಟ್ಟಿ ಬೇಕಿಲ್ಲ. ಕೆಳಗಿನ ಚಾರ್ಜಿಂಗ್ ತೂತು ಮತ್ತು ಸ್ಪೀಕರಿಗೂ ಒಂದು ಪಟ್ಟಿ ಹಾಕಿ.

ಅನಂತರ ಗಾರ್ಡಿನ ಮೇಲೆ ಟೇಪಿನ ಹೊದಿಕೆ. ಫೋನಿನ ಮೇಲೆ ಟೇಪು ಕತ್ತರಿಸಲು ಬ್ಲೇಡ್ ಬಳಸದಿರಲು, ಮೊದಲೇ ಅಳೆದು ಕತ್ತರಿಯಿಂದ ಕತ್ತರಿಸಿಕೊಳ್ಳಬೇಕು. ಗಾರ್ಡ್ ಅಗಲ ಸುಮಾರು ಏಳು ಸೆಂಟಿಮೀಟರ್, ಟೇಪಿನದು ಸುಮಾರು 4.8. ಹಾಗಾಗಿ ಉದ್ದಕ್ಕೆ ಎರಡು ಪಟ್ಟಿ ಹಾಕಿದರೆ ನಡುವೆ ಎರಡೂವರೆ ಸೆಂಟಿಮೀಟರ್ ಒಂದರ ಮೇಲೊಂದು ಬರುತ್ತದೆ. ಅದು ಇದ್ದರೆ ಒಳ್ಳೆಯದೇ, ಎರಡೂ ಸೇರಿ ಒಂದೇ ಹಾಳೆಯಾಗುತ್ತವೆ. ಟೇಪು ಗಾರ್ಡಿನ ಅಂಚಿಗೆ ನಿಲ್ಲಬೇಕು; ಫ್ರೇಮಿನ ಮೇಲೆ ಹತ್ತಿದರೆ ಗಾರ್ಡನ್ನು ಅದೇ ಹಿಡಿದುಕೊಳ್ಳುತ್ತದೆ. ಸರಿಯಾಗಿರುವ ಮೇಲಿನ ಎಡಮೂಲೆಯಲ್ಲಿ ಮಾತ್ರ ಟೇಪು ಮೂರು ಸೆಂಟಿಮೀಟರ್ ಹೊರಗೆ ಚಾಚಿರಲಿ, ಆ ತುದಿಯನ್ನು ಅಂಟು ಒಳಮುಖವಾಗಿ ಮಡಚಿಬಿಡಿ. ಮೂಲೆ ಎದ್ದ ಮೇಲೆ ಹಿಡಿದುಕೊಳ್ಳಲು ಅದೇ ಹಿಡಿಕೆ. ಪುಡಿಯಾದ ಜಾಗದಲ್ಲಿ ಟೇಪನ್ನು ಬೆರಳಿನಿಂದ ಉಜ್ಜಬೇಡಿ, ಮೇಲಿನಿಂದ ಮೆತ್ತಗೆ ತಟ್ಟಿ ಕೂರಿಸಿ. ಅಲ್ಲಿ ಚೂರು ಪೂರ್ತಿ ಬಿಡಿಯಾಗಿದ್ದರೆ ಇನ್ನೊಂದು ಅಡ್ಡ ಪಟ್ಟಿ ಹಾಕಿ.

ಬಿಸಿ ಕೊಡಬೇಕೆ? ಸಿಲಿಕೋನ್ ಬಿಸಿಗೆ ಅಷ್ಟೇನೂ ಕರಗುವುದಿಲ್ಲ, ಸ್ವಲ್ಪ ಸಡಿಲಾಗುತ್ತದೆ ಅಷ್ಟೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯಂಥ ಕಡೆ ಕೋಣೆಯ ಶಾಖವೇ ಸಾಕು. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ, ಅಥವಾ ವರ್ಷ ದಾಟಿದ ಹಳೆಯ ಗಾರ್ಡಿಗೆ ಹೇರ್ ಡ್ರೈಯರ್ ಸಹಾಯಕ. ಕಡಿಮೆ ಬಿಸಿಗೆ ಇಟ್ಟು, ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ, ಶುರು ಮಾಡುವ ಮೂಲೆಯ ಸುತ್ತ ಹದಿನೈದು ಇಪ್ಪತ್ತು ಸೆಕೆಂಡ್ ಆಡಿಸಿ. ಮುಂಗೈಯ ಹಿಂಭಾಗ ತಾಗಿಸಿದರೆ ಬೆಚ್ಚಗೆನ್ನಿಸಬೇಕು, ಸುಡಬಾರದು. ಅದಕ್ಕಿಂತ ಮೇಲೆ ಹೋದರೆ ಡಿಸ್‌ಪ್ಲೇಯನ್ನು ಫ್ರೇಮಿಗೆ ಹಿಡಿದಿರುವ ಅಂಟು ಮೆತ್ತಗಾಗತೊಡಗುತ್ತದೆ. ಅಂಗಡಿಗಳಲ್ಲಿ ಡಿಸ್‌ಪ್ಲೇ ಬಿಚ್ಚುವುದೇ ಹಾಗೆ ಬಿಸಿ ಮಾಡಿ. ಒಲೆಯ ಮೇಲೆ ಹಿಡಿಯುವುದು, ಬಿಸಿಲಿಗಿಡುವುದು ಬೇಡವೇ ಬೇಡ, ಕೆಳಗೆ ಬ್ಯಾಟರಿ ಇದೆ.

ಶುರು ಮಾಡುವುದು ಯಾವಾಗಲೂ ಒಡೆದ ಜಾಗಕ್ಕೆ ದೂರದ, ಸರಿಯಿರುವ ಮೂಲೆಯಿಂದ. ಒಡೆದ ಮೂಲೆ ಆಗಲೇ ಸ್ವಲ್ಪ ಎದ್ದಿರುತ್ತದೆ, ಅಲ್ಲಿಂದಲೇ ಸುಲಭ ಎನ್ನಿಸುತ್ತದೆ. ಆದರೆ ಅಲ್ಲಿ ಎತ್ತಲು ಒಂದು ಹಾಳೆಯೇ ಇಲ್ಲ. ಕೈಗೆ ಬರುವುದು ಒಂದೊಂದೇ ಚೂರು, ಹಾಳೆ ಕೆಳಗೇ ಉಳಿಯುತ್ತದೆ. ನಮ್ಮ ಫೋನಿನಲ್ಲಿ ಮೇಲಿನ ಎಡಮೂಲೆಯಿಂದ ಶುರು. ಫೋನನ್ನು ಮೇಜಿಗೆ ಒತ್ತಿ ಹಿಡಿದು, ಹೆಬ್ಬೆರಳಿನ ಉಗುರನ್ನು ಡಿಸ್‌ಪ್ಲೇಗೆ ಸಮಾನಾಂತರವಾಗಿ, ಮಲಗಿಸಿ ತಳ್ಳಿ. ಉಗುರು ಮೇಲ್ಮುಖವಾಗಿ ಮೀಟಬಾರದು, ಮುಂದಕ್ಕೆ ತೂರಬೇಕು. ಅಷ್ಟಕ್ಕೆ ಬಾರದಿದ್ದರೆ ಎಕ್ಸ್‌ರೇ ಪಟ್ಟಿಯ ಓರೆ ತುದಿಯನ್ನು ಡಿಸ್‌ಪ್ಲೇಗೆ ತಾಗಿಸಿ ಮಲಗಿಸಿ, ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸುತ್ತ ಒಳಗೆ ಬಿಡಿ.

ಈಗ ನಿಂತು ನೋಡಿ, ಎಲ್ಲಿಗೆ ತೂರಿದ್ದೀರಿ ಎಂದು. ಹಾಳೆಯ ಕೆಳಗೆ ಹೋಗಿದ್ದರೆ ಸದ್ದಿರುವುದಿಲ್ಲ, ಮೂಲೆ ಮೆತ್ತಗೆ ಏಳುತ್ತದೆ, ಕೆಳಗೆ ಕಾಣುವ ಮೈ ಕನ್ನಡಿಯಂತೆ ಹೊಳೆಯುತ್ತದೆ. ಹಾಳೆಯ ಮೇಲೆ ಹೋಗಿದ್ದರೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆ, ಗಾಜಿನ ತುದಿ ಬೆಳ್ಳಗಾಗುತ್ತದೆ, ಕೆಳಗಿನ ಮೈ ಮಂಕಾಗಿದ್ದು ಎಕ್ಸ್‌ರೇ ಪಟ್ಟಿ ಅದಕ್ಕೆ ಅಂಟಿಕೊಳ್ಳುತ್ತದೆ. ಹೀಗಾದರೆ ಕೂಡಲೇ ಹಿಂದಕ್ಕೆ ಬನ್ನಿ, ಆ ಮೂಲೆಯಿಂದ ಒಂದು ಸೆಂಟಿಮೀಟರ್ ಪಕ್ಕಕ್ಕೆ, ಇನ್ನೂ ಕೆಳಗೆ ಮಲಗಿಸಿ ಹೊಸದಾಗಿ ತೂರಿ.

ಮೂಲೆ ಎರಡು ಮೂರು ಮಿಲಿಮೀಟರ್ ಎದ್ದಿತೆಂದರೆ ಎಳೆಯುವ ಆತುರ ಬೇಡ. ಅಷ್ಟಕ್ಕೇ ಹಿಡಿದು ನಿಲ್ಲಿ. ಹತ್ತು ಸೆಕೆಂಡಿನಲ್ಲಿ ಗಾಳಿ ತಾನೇ ಒಳಗೆ ನುಗ್ಗುವುದು ಕಪ್ಪು ಡಿಸ್‌ಪ್ಲೇ ಮೇಲೆ ಕಾಣುತ್ತದೆ: ಬೆಳ್ಳಿ ಬಣ್ಣದ ಒಂದು ಗೆರೆ ಮೆಲ್ಲಗೆ ಮುಂದೆ ಸರಿಯುತ್ತದೆ. ಸಿಲಿಕೋನಿನ ಗುಣವೇ ಅದು. ನಿಧಾನಕ್ಕೆ ಎಳೆದರೆ ಸುಲಭವಾಗಿ ಬಿಡುತ್ತದೆ, ಜೋರಾಗಿ ಎಳೆದಷ್ಟೂ ಬಿಗಿಯಾಗಿ ಹಿಡಿಯುತ್ತದೆ. ಜೋರಿಗೆ ಸಿಕ್ಕಿದ ಗಾಜು ಬಾಗಲಾರದೆ ಹೊಸದಾಗಿ ಒಡೆಯುತ್ತದೆ.

ಆ ಸಂದಿಗೆ ಈಗ ಎಟಿಎಂ ಕಾರ್ಡನ್ನು ಮಲಗಿಸಿ ಇಡಿ. ಕಾರ್ಡಿನ ಕೆಲಸ ಕೊರೆಯುವುದಲ್ಲ, ಎದ್ದ ಭಾಗ ಮತ್ತೆ ಕೆಳಗೆ ಕೂರದಂತೆ ನೋಡಿಕೊಳ್ಳುವುದು. ಬೆಳ್ಳಿ ಗೆರೆ ಮುಂದೆ ಹೋದ ಮೇಲೆ ಕಾರ್ಡ್ ಅದರ ಹಿಂದೆ ಹೋಗಬೇಕು, ಗೆರೆಯನ್ನು ತಳ್ಳಿಕೊಂಡು ಮುಂದೆ ಹೋಗಬಾರದು. ತಳ್ಳಿದರೆ ಕಾರ್ಡಿನ ತುದಿಯಲ್ಲಿ ಸಿಕ್ಕಿದ ಪುಡಿಯನ್ನು ಡಿಸ್‌ಪ್ಲೇ ಮೇಲೆ ನಾವೇ ಎಳೆದಂತಾಗುತ್ತದೆ. ದಾರ ಅಥವಾ ಡೆಂಟಲ್ ಫ್ಲಾಸ್ ಹಾಕಿ ಗರಗಸದಂತೆ ಎಳೆಯುವ ಉಪಾಯ ಒಡೆಯದ ಗಾರ್ಡಿಗೆ ಚೆನ್ನ. ಒಡೆದ ಗಾರ್ಡಿಗೆ ನನಗೆ ಒಪ್ಪಿಗೆ ಇಲ್ಲ, ಕಾರಣ ಇದೇ: ದಾರ ಪುಡಿಯನ್ನು ಹಿಡಿದುಕೊಂಡು ಅತ್ತಿತ್ತ ಓಡಾಡುತ್ತದೆ.

ಮೊದಲು ಮೇಲಿನ ಅಡ್ಡ ಅಂಚು ಪೂರ್ತಿ ಬಿಡಲಿ. ಆಮೇಲೆ ಟೇಪಿನ ಹಿಡಿಕೆ ಮತ್ತು ಗಾರ್ಡಿನ ಅಂಚು ಎರಡನ್ನೂ ಸೇರಿಸಿ ಹಿಡಿದು, ಕೆಳಕ್ಕೆ ಬನ್ನಿ. ಎತ್ತುವ ಕೋನ ಚಿಕ್ಕದಿರಲಿ, ಗಾರ್ಡಿನ ಎದ್ದ ತುದಿ ಡಿಸ್‌ಪ್ಲೇಯಿಂದ ಎರಡು ಬೆರಳಿನ ಎತ್ತರ ದಾಟದಿದ್ದರೆ ಸಾಕು. ಬೆಳ್ಳಿ ಗೆರೆ ಬಿರುಕನ್ನು ಮುಟ್ಟುವಾಗ ಎಚ್ಚರ. ಬಿರುಕಿದ್ದಲ್ಲಿ ಗಾಜು ಬಾಗಿಲ ಕೀಲಿನಂತೆ ಮಡಚಿಕೊಳ್ಳುತ್ತದೆ, ಎರಡು ಒಡಕು ಅಂಚುಗಳು ಒಂದಕ್ಕೊಂದು ಉಜ್ಜಿ ಪುಡಿ ಉದುರುತ್ತದೆ. ಅಲ್ಲಿಗೆ ಬಂದಾಗ ಎತ್ತುವುದನ್ನು ನಿಲ್ಲಿಸಿ, ಗಾರ್ಡನ್ನು ಸ್ವಲ್ಪ ಕೆಳಗಿಳಿಸಿ, ಕಾರ್ಡನ್ನು ಬಿರುಕಿನ ಹತ್ತಿರದವರೆಗೆ ಸರಿಸಿ, ಗೆರೆ ತಾನಾಗಿ ಬಿರುಕನ್ನು ದಾಟಲು ಬಿಡಿ. ದಾಟಿತೆಂದರೆ ಮತ್ತೆ ಮುಂದೆ. ಇಷ್ಟು ನಿಧಾನ ಮಾಡಿದರೂ ಇಡೀ ಗಾರ್ಡಿಗೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಕೊನೆಗೆ ಉಳಿಯುವುದು ಪುಡಿಯಾದ ಮೂಲೆ. ಏಟು ಬಿದ್ದಲ್ಲಿ ಹಾಳೆಯೂ ಹರಿದಿರಬಹುದು. ಇಲ್ಲಿ ಕೆಳಗಿನಿಂದ ಕಾರ್ಡ್ ಬೇಡ. ಟೇಪನ್ನು ಮೇಲಿನಿಂದ ಇನ್ನೊಮ್ಮೆ ತಟ್ಟಿ, ಗಾರ್ಡನ್ನು ಮೂಲೆಯ ಕಡೆಗೆ ಸುರುಳಿ ಸುತ್ತುವಂತೆ ಹಿಂದಕ್ಕೆ ಮಡಚುತ್ತ ಬನ್ನಿ. ಈಗ ಗಾಜು ಒಡೆದರೂ ಪರವಾಗಿಲ್ಲ, ಚೂರುಗಳನ್ನು ಟೇಪು ಹಿಡಿದಿದೆ. ಎದ್ದ ಗಾರ್ಡನ್ನು ಕೂಡಲೇ ಪತ್ರಿಕೆಯ ಮೇಲೆ ಅಂಟಿನ ಮುಖ ಮೇಲಾಗಿ ಇಡಿ. ಅದನ್ನು ನೋಡಿದರೆ ಎಷ್ಟು ಚೂರು ಕಾಣೆಯಾಗಿದೆ, ಎಲ್ಲಿಯದು ಎಂದು ಗೊತ್ತಾಗುತ್ತದೆ. ನಮ್ಮ ಫೋನಿನಲ್ಲಿ ಆ ಮೂಲೆಯ ಎರಡು ಸೀಳು ಡಿಸ್‌ಪ್ಲೇ ಮೇಲೇ ಉಳಿದಿವೆ ಎಂದಿಟ್ಟುಕೊಳ್ಳಿ. ಅವನ್ನು ಉಗುರಿನಿಂದ ಸರಿಸುವಂತಿಲ್ಲ. ಹೊಸ ಟೇಪಿನ ತುಂಡನ್ನು ಮೇಲಿಟ್ಟು, ಹಗುರವಾಗಿ ಮುಟ್ಟಿಸಿ, ನೇರ ಮೇಲಕ್ಕೆ ಎತ್ತಿ. ಬರಲಿಲ್ಲವೆಂದರೆ ಅದರ ಕೆಳಗೆ ಹಾಳೆಯ ಚೂರು ಅಂಟಿಕೊಂಡಿದೆ. ಎಕ್ಸ್‌ರೇ ಪಟ್ಟಿಯನ್ನು ಮಲಗಿಸಿ ಅದರಡಿಗೆ ಬಿಟ್ಟು ಸಡಿಲ ಮಾಡಿ, ಮತ್ತೆ ಟೇಪಿನಿಂದ ಎತ್ತಿ.

ಕೆಲವು ಸಲ ಎಷ್ಟು ಜೋಪಾನ ಮಾಡಿದರೂ ಗಾಜೆಲ್ಲ ಟೇಪಿನ ಜೊತೆ ಬಂದು ಹಾಳೆ ಮಾತ್ರ ಡಿಸ್‌ಪ್ಲೇ ಮೇಲೆ ಉಳಿದುಬಿಡುತ್ತದೆ. ನೋಡಿದವರಿಗೆ ಡಿಸ್‌ಪ್ಲೇಯೇ ಮಂಕಾಗಿ ಗೀರುಗೀರಾಗಿದೆ ಎಂದು ಎದೆ ಧಸಕ್ಕೆನ್ನುತ್ತದೆ. ಗಾಬರಿ ಬೇಡ. ಮೂಲೆಯಲ್ಲಿ ಗಟ್ಟಿಯಾಗಿ ಒಂದು ಟೇಪು ಅಂಟಿಸಿ, ಮೇಲಕ್ಕೆತ್ತದೆ, ಹಿಂದಕ್ಕೆ ಮಡಚಿದಂತೆ ಡಿಸ್‌ಪ್ಲೇಗೆ ಒತ್ತಿಕೊಂಡೇ ಎಳೆಯಿರಿ. ಹಾಳೆ ಪೂರ್ತಿ ಸುಲಿದು ಬರುತ್ತದೆ. ಗಾಜು ಮೇಲಿಲ್ಲದ್ದರಿಂದ ಇದು ಗಾರ್ಡಿಗಿಂತ ಸುಲಭ. ಅದರ ಮೇಲಿನ ಗಾಜಿನ ಪುಡಿಯನ್ನು ಮಾತ್ರ ಮೊದಲು ಟೇಪಿನಿಂದ ತೆಗೆದುಕೊಂಡಿರಬೇಕು.

ಇನ್ನು ಒರೆಸುವ ಮುಂಚಿನ ಕೆಲಸ. ಬಟ್ಟೆ ಮುಟ್ಟುವ ಮೊದಲು ಫೋನನ್ನು ಮಗುಚಿ ಹಿಡಿದು ಬೆನ್ನಿಗೆ ಬೆರಳಿನಿಂದ ನಾಲ್ಕಾರು ಸಲ ತಟ್ಟಿ. ಬಾಯಿಯಿಂದ ಊದಬೇಡಿ, ಪುಡಿ ಕಣ್ಣಿಗೆ ಬರುತ್ತದೆ, ಎಂಜಲ ಹನಿಯೂ ಬೀಳುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಡಿಸ್‌ಪ್ಲೇ ಮಟ್ಟಕ್ಕೆ ಮಲಗಿಸಿ ಬೆಳಕು ಬಿಡಿ. ಮೇಲಿನಿಂದ ಬೆಳಕು ಬಿಟ್ಟರೆ ಕಾಣದ ಕಣಗಳು ಹೀಗೆ ಅಡ್ಡ ಬೆಳಕಿಗೆ ಒಂದೊಂದೂ ಹೊಳೆಯುತ್ತವೆ. ಹೊಳೆದ ಕಡೆಯೆಲ್ಲ ಹೊಸ ಟೇಪು ಮುಟ್ಟಿಸಿ ಎತ್ತಿ, ಒಂದೇ ತುಂಡನ್ನು ಎರಡನೇ ಸಲ ಬಳಸಬೇಡಿ. ಹೊಸ ಗಾರ್ಡಿನ ಪ್ಯಾಕೆಟ್ಟಿನಲ್ಲಿ ಬರುವ ಧೂಳು ಹಿಡಿಯುವ ಸ್ಟಿಕ್ಕರ್ ಸಹ ಇದಕ್ಕೆ ಆಗುತ್ತದೆ. ಟಾರ್ಚಿಗೆ ಏನೂ ಹೊಳೆಯದಾದ ಮೇಲೆ ಮಾತ್ರ ಬಟ್ಟೆ.

ಬಟ್ಟೆಯನ್ನೂ ಒಣಗಿದ್ದಾಗ ತಾಗಿಸಬೇಡಿ. ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ, ಫೋನಿಗೆ ಸುರಿಯದೆ, ತೇವ ಮಾಡಿಕೊಳ್ಳಿ. ಪ್ಯಾಕೆಟ್ಟಿನ ಒದ್ದೆ ವೈಪ್ ಇದ್ದರೆ ಅದೂ ಆಗುತ್ತದೆ. ಭಾರ ಹಾಕದೆ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಒಂದು ಸಲ ಎಳೆದು, ಬಟ್ಟೆಯ ಇನ್ನೊಂದು ಮಡಿಕೆ ಹೊರಳಿಸಿ ಪಕ್ಕದ ಪಟ್ಟಿಗೆ ಹೋಗಿ. ಸುತ್ತಿ ಸುತ್ತಿ ಉಜ್ಜುವುದು ಕೊನೆಗೆ, ಎರಡನೇ ಬಟ್ಟೆಯಲ್ಲಿ. ನೇಲ್ ಪಾಲಿಷ್ ರಿಮೂವರ್, ಥಿನ್ನರ್, ಪೆಟ್ರೋಲ್ ಇವು ಡಿಸ್‌ಪ್ಲೇ ಮೇಲಿನ ಜಿಡ್ಡು ಹಿಡಿಯದ ಲೇಪವನ್ನೂ, ಅಂಚಿನ ಪ್ಲಾಸ್ಟಿಕ್ಕನ್ನೂ ತಿನ್ನುತ್ತವೆ. ಅಂಚಿಗಷ್ಟೇ ಅಂಟಿರುವ ಎಡ್ಜ್ ಗ್ಲೂ ಗಾರ್ಡ್ ಆಗಿದ್ದರೆ ಸುತ್ತ ಒಂದು ಜಿಗುಟು ಪಟ್ಟಿ ಉಳಿಯುತ್ತದೆ. ಅದರ ಮೇಲೆ ತೇವದ ಬಟ್ಟೆಯನ್ನು ಅರ್ಧ ನಿಮಿಷ ಇಟ್ಟು, ಹೆಬ್ಬೆರಳಿನಿಂದ ಉರುಳಿಸಿದರೆ ಎಳೆ ಎಳೆಯಾಗಿ ಸುತ್ತಿಕೊಂಡು ಬರುತ್ತದೆ.

ಇದೆಲ್ಲ ಆದ ಮೇಲೂ ಗೆರೆಗಳು ಕಂಡರೆ ಅವು ಮೂರರಲ್ಲಿ ಒಂದಾಗಿರುತ್ತವೆ. ಆಲ್ಕೋಹಾಲಿಗೆ ಮಾಯವಾದರೆ ಅಂಟಿನ ಗುರುತು. ಮಾಯವಾಗದೆ, ಉಗುರು ಅಡ್ಡ ಎಳೆದಾಗ ಸಿಕ್ಕಿಕೊಂಡರೆ ನಿಜವಾದ ಗೀರು. ಅದು ಹೋಗುವುದಿಲ್ಲ, ಟೂತ್‌ಪೇಸ್ಟ್ ಉಜ್ಜಿದರೆ ಸುತ್ತಲಿನ ಲೇಪವೂ ಹೋಗುತ್ತದೆ. ಉಗುರಿಗೆ ಸಿಗದೆ ಓರೆ ಬೆಳಕಿಗೆ ಮಾತ್ರ ಕಂಡರೆ ಲೇಪ ಸವೆದಿದೆ. ಒಂದು ಹನಿ ನೀರಿನಿಂದ ಖಾತ್ರಿ ಮಾಡಿಕೊಳ್ಳಬಹುದು: ಲೇಪ ಇದ್ದಲ್ಲಿ ಹನಿ ಮುತ್ತಿನ ಆಕಾರದಲ್ಲಿ ನಿಲ್ಲುತ್ತದೆ, ಇಲ್ಲದಲ್ಲಿ ಹರಡಿಕೊಳ್ಳುತ್ತದೆ. ಹೊಸ ಗಾರ್ಡ್ ಹಾಕಿದರೆ ಸವೆದ ಲೇಪ ಕಾಣುವುದೇ ಇಲ್ಲ.

ಮೇಲೆ ಹೇಳಿದ ಕ್ರಮ ನಡೆಯದ ಫೋನುಗಳೂ ಇವೆ. ಅಂಚು ಬಾಗಿದ ಡಿಸ್‌ಪ್ಲೇಗೆ ದ್ರವದ ಅಂಟು ಸುರಿದು, ನೇರಳೆ ದೀಪ ಹಿಡಿದು ಗಟ್ಟಿ ಮಾಡುವ ಯುವಿ ಗ್ಲಾಸ್ ಹಾಕಿದ್ದರೆ ಅಲ್ಲಿ ಸಿಲಿಕೋನ್ ಇಲ್ಲ, ಹಾಳೆಯೂ ಇಲ್ಲ. ಗಾಜು ಚೂರುಚೂರಾಗಿಯೇ ಬರುತ್ತದೆ, ಗಟ್ಟಿಯಾದ ಅಂಟು ಡಿಸ್‌ಪ್ಲೇ ಮೇಲೆ ಉಳಿಯುತ್ತದೆ, ಫ್ರೇಮಿನ ಸಂದಿಗೆ ಇಳಿದ ಅಂಟು ಗಾರ್ಡನ್ನೂ ಡಿಸ್‌ಪ್ಲೇಯನ್ನೂ ಒಟ್ಟಿಗೆ ಹಿಡಿದಿರುತ್ತದೆ. ಬಾಗಿದ ಅಂಚಿನಲ್ಲಿ ಮೀಟಿದರೆ ಆಮೊಲೆಡ್ ಪ್ಯಾನೆಲ್ಲಿಗೆ ಒತ್ತಡ ಬಿದ್ದು ಹಸಿರು ಗೆರೆ ಬರುವ ಅಪಾಯವಿದೆ. ಇದನ್ನು ಯುವಿ ಗ್ಲಾಸ್ ಬಿಡಿಸಿ ರೂಢಿಯಿರುವವರ ಕೈಗೇ ಕೊಡಿ, ಅಲ್ಲಿಯವರೆಗೆ ಟೇಪು ಹೊದಿಸಿಕೊಂಡು ಬಳಸಿ. ಮಡಚುವ ಫೋನಿನ ಒಳಸ್ಕ್ರೀನ್ ಮೇಲೆ ಕಂಪನಿಯೇ ಹಾಕಿ ಕಳಿಸಿರುವ ಹಾಳೆಯಂತೂ ಗಾರ್ಡ್ ಅಲ್ಲವೇ ಅಲ್ಲ, ಅದನ್ನು ಕಿತ್ತರೆ ಡಿಸ್‌ಪ್ಲೇ ಹಾಳಾಗಬಹುದು.

ಕಿತ್ತ ಗಾರ್ಡನ್ನು ಟೇಪಿನ ಸಮೇತ ಪತ್ರಿಕೆಯಲ್ಲಿ ಸುತ್ತಿ, ಸುತ್ತಲೂ ಟೇಪು ಬಿಗಿದು, ಮೇಲೆ "ಗಾಜು" ಎಂದು ಬರೆದು ಒಣಕಸಕ್ಕೆ ಹಾಕಿ. ಕಸ ವಿಂಗಡಿಸುವವರು ಬರಿಗೈಯಲ್ಲಿ ತೆಗೆಯುತ್ತಾರೆ. ಇಯರ್‌ಪೀಸ್ ಪಟ್ಟಿಯನ್ನು ಫೋನ್ ಮಗುಚಿ ಹಿಡಿದು ಕೊನೆಗೆ ಬಿಡಿಸಿ. ಹೊಸ ಗಾರ್ಡ್ ಅಂಟಿಸುವ ಮೊದಲು ಬರಿ ಡಿಸ್‌ಪ್ಲೇಗೆ ಪೌಚ್ ಹಾಕಿ ನೋಡಿ, ಅದರ ತುಟಿ ಎಲ್ಲಿಯವರೆಗೆ ಬರುತ್ತದೆಂದು. ಗಾರ್ಡ್ ಆ ತುಟಿಗೆ ತಾಗುವಷ್ಟು ದೊಡ್ಡದಿದ್ದರೆ ಪೌಚ್ ಪ್ರತಿ ಸಲ ಒತ್ತಿದಾಗ ಮೂಲೆ ಎದ್ದು, ಬೀಳದಿದ್ದರೂ ಒಡೆಯುತ್ತದೆ. ಸುತ್ತಲೂ ಅರ್ಧ ಮಿಲಿಮೀಟರ್ ಆದರೂ ಸಂದಿ ಇರುವ ಗಾರ್ಡನ್ನೇ ಕೇಳಿ ತೆಗೆದುಕೊಳ್ಳಿ.